ಹೋದ 33 ಅಂಕಗಳು ಎಲ್ಲಿ ಹೋದವು?

ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆಯ ಗಣಿತದ ಉತ್ತರಪತ್ರಿಕೆ ಕೈಗೆ ಬಂದ ದಿನ ಮನೆಯಲ್ಲಿ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಬಂತು?’ ಎಂಬುದೇ. 80ಕ್ಕೆ 47 ಎಂದರೆ ಅದರ ಮೇಲೆ ಒಂದಿಷ್ಟು ಮಾತಾಗಿ, ಕೊನೆಗೆ ‘ಇನ್ನೆರಡು ವಾರ ಚೆನ್ನಾಗಿ ಓದು’ ಎನ್ನುವಲ್ಲಿಗೆ ಮುಗಿಯುತ್ತದೆ. ಮಗು ಪಠ್ಯಪುಸ್ತಕ ತೆರೆದು ಮೊದಲ ಅಧ್ಯಾಯದಿಂದ ಲೆಕ್ಕ ಮಾಡುತ್ತಾ ಬರುತ್ತದೆ. ಎರಡು ವಾರ ಕಳೆಯುವ ಹೊತ್ತಿಗೆ ಆರೇಳು ಅಧ್ಯಾಯ ಮುಗಿದಿರುತ್ತವೆ. ಅವುಗಳಲ್ಲಿ ಮುಕ್ಕಾಲು ಭಾಗ ಮೊದಲೇ ಬರುತ್ತಿದ್ದ ಲೆಕ್ಕಗಳು. ಅಂಕ ಹೋದ ಜಾಗಕ್ಕೆ ಕೈ ತಲುಪಿಯೇ ಇರುವುದಿಲ್ಲ.

ಎರಡು ವಾರದ ಯೋಜನೆಗೆ ಬೇಕಾದ ಸಂಖ್ಯೆ 47 ಅಲ್ಲ, ಕಳೆದುಹೋದ 33. ಆ 33 ಯಾವ ಅಧ್ಯಾಯದಲ್ಲಿ ಹೋದವು ಎಂದು ಕೇಳಿದರೂ ಸಾಲದು, ಯಾವ ಕಾರಣಕ್ಕೆ ಹೋದವು ಎಂದು ಕೇಳಬೇಕು. ‘ಸಮಾಂತರ ಶ್ರೇಢಿಯಲ್ಲಿ 3 ಅಂಕ ಹೋಯಿತು’ ಎಂಬುದು ವಿಳಾಸ ಮಾತ್ರ. ಸೂತ್ರ ತಪ್ಪಾಗಿ ನೆನಪಿದ್ದಿರಬಹುದು, ಕೂಡುವಾಗ ಕೈ ತಪ್ಪಿರಬಹುದು, ಸಮಯ ಸಾಲದಿದ್ದಿರಬಹುದು. ಮೂರಕ್ಕೂ ಔಷಧ ಬೇರೆ ಬೇರೆ. ಕೂಡುವಾಗ ಕೈ ತಪ್ಪಿದವರು ಇಡೀ ಅಧ್ಯಾಯವನ್ನು ಮತ್ತೆ ಓದಿದರೂ ಮುಂದಿನ ಸಲ ಅದೇ ಜಾಗದಲ್ಲಿ ತಪ್ಪುತ್ತಾರೆ.

ಮಾತು ಗಾಳಿಯಲ್ಲಿ ಉಳಿಯದಿರಲು ಒಂದು ಉತ್ತರಪತ್ರಿಕೆಯನ್ನು ಮುಂದಿಟ್ಟುಕೊಳ್ಳೋಣ. ವಿದ್ಯಾರ್ಥಿನಿ ಕಲ್ಪನೆಯವಳು, ತಪ್ಪುಗಳು ಮಾತ್ರ ಪ್ರತಿ ಹತ್ತನೇ ತರಗತಿಯಲ್ಲೂ ಕಾಣುವಂಥವು. ಇತ್ತೀಚಿನ ವರ್ಷಗಳ ಮಾದರಿಯಂತೆ ಪ್ರಶ್ನೆಪತ್ರಿಕೆಯಲ್ಲಿ 38 ಪ್ರಶ್ನೆಗಳಿವೆ. 1 ಅಂಕದವು 16 (ಅರ್ಧ ಬಹು ಆಯ್ಕೆಯವು), 2 ಅಂಕದವು 8, 3 ಅಂಕದವು 9, 4 ಅಂಕದವು 4, ಕೊನೆಗೆ 5 ಅಂಕದ್ದು ಒಂದು. ಒಟ್ಟು 80. ಬರೆಯಲು 3 ಗಂಟೆ, ಪ್ರಶ್ನೆಪತ್ರಿಕೆ ಓದಲು 15 ನಿಮಿಷ.

ಮೊದಲ ದಿನ: ಕೆಂಪು ಶಾಯಿ ಹೇಳದ ಮಾತು

ಮೌಲ್ಯಮಾಪಕರ ಕೆಂಪು ಗುರುತು ತಪ್ಪು ಎಲ್ಲಿದೆ ಎಂದು ತೋರಿಸುತ್ತದೆ. ಯಾಕಾಯಿತು ಎಂಬುದು ಮಾಡಿದವರಿಗೆ ಮಾತ್ರ ಗೊತ್ತಾಗಬೇಕು, ಅದೂ ಪರೀಕ್ಷಿಸಿ ನೋಡಿದ ಮೇಲೆ. ಹಾಗಾಗಿ ಮೊದಲ ದಿನ ಹೊಸದೇನನ್ನೂ ಓದುವುದು ಬೇಡ. ಅಂಕ ಕಳೆದುಕೊಂಡ ಪ್ರಶ್ನೆಗಳನ್ನಷ್ಟೇ ಒಂದು ಹಾಳೆಗೆ ಬರೆದುಕೊಂಡು ಉತ್ತರಪತ್ರಿಕೆಯನ್ನು ಮುಚ್ಚಿಡಬೇಕು. ಸರಿ ಉತ್ತರವನ್ನಾಗಲಿ ಗೆಳತಿಯ ಪತ್ರಿಕೆಯನ್ನಾಗಲಿ ನೋಡದೆ, ಗಡಿಯಾರದ ಒತ್ತಡವಿಲ್ಲದೆ, ಒಂದೊಂದನ್ನೇ ಮತ್ತೆ ಬಿಡಿಸಬೇಕು. ಸರಿ ಉತ್ತರವನ್ನು ಮೊದಲೇ ನೋಡಿಬಿಟ್ಟರೆ ‘ಅಯ್ಯೋ, ಇದು ನನಗೆ ಗೊತ್ತಿತ್ತು’ ಅನ್ನಿಸುತ್ತದೆ. ಕಂಡದ್ದು ಅರ್ಥವಾಗುವುದು ಬೇರೆ, ಖಾಲಿ ಹಾಳೆಯ ಮೇಲೆ ತಾನೇ ಬರೆಯುವುದು ಬೇರೆ.

ಹೀಗೆ ಬಿಡಿಸುವಾಗ ಮೂರು ಮೆಟ್ಟಿಲು. ಏನೂ ನೋಡದೆ ಈಗ ಸರಿ ಬಂದರೆ, ಅಂದು ಕೈ ತಪ್ಪಿತ್ತು ಅಥವಾ ಸಮಯ ಸಾಲಲಿಲ್ಲ. ಸಿಕ್ಕಿಕೊಂಡಾಗ ಒಂದೇ ಒಂದು ಸುಳಿವು, ಅಂದರೆ ಒಂದು ಸೂತ್ರ ಅಥವಾ ಮೊದಲ ಹೆಜ್ಜೆ, ನೋಡಿದ ಮೇಲೆ ಬಂದರೆ ವಿಷಯ ಅರೆಬರೆ ನೆನಪಿದೆ. ಪುಸ್ತಕ ತೆರೆದಿಟ್ಟುಕೊಂಡರೂ ಬರದಿದ್ದರೆ ಅದು ತಿಳಿದೇ ಇಲ್ಲ. ಇವಲ್ಲದೆ ಇನ್ನೊಂದು ಬಗೆಯ ನಷ್ಟವಿದೆ. ಉತ್ತರ ಸರಿಯಿದ್ದರೂ ಚಿತ್ರ, ಕಾರಣ, ಏಕಮಾನ, ಅಳತೆ ಬಿಟ್ಟುಹೋಗಿ ಅರ್ಧ, ಒಂದು ಅಂಕ ಹೋಗುವುದು. ಇದನ್ನು ಬರವಣಿಗೆಯ ನಷ್ಟ ಎನ್ನೋಣ.

ನಮ್ಮ ವಿದ್ಯಾರ್ಥಿನಿಯ ವಿಷಯದಲ್ಲಿ ಈ ಪರೀಕ್ಷೆ ಎರಡು ತಪ್ಪು ಊಹೆಗಳನ್ನು ಬಯಲು ಮಾಡಿತು. ಕೊನೆಯ 5 ಅಂಕದ ಪ್ರಶ್ನೆಯನ್ನು ಆಕೆ ಖಾಲಿ ಬಿಟ್ಟಿದ್ದಳು. ‘ಟೈಮ್ ಸಾಲಲಿಲ್ಲ’ ಎಂದೇ ಎಲ್ಲರಿಗೂ ಹೇಳಿದ್ದಳು, ತಾನೂ ನಂಬಿದ್ದಳು. ಮನೆಯಲ್ಲಿ ಅರ್ಧ ಗಂಟೆ ಕೂತರೂ ಮೊದಲ ಸಾಲು ಹೊಳೆಯಲಿಲ್ಲ. ಅಲ್ಲಿ ಇಲ್ಲದ್ದು ಸಮಯವಲ್ಲ, ತಿಳಿವಳಿಕೆ. ಇನ್ನೊಂದು ಸಮಾಂತರ ಶ್ರೇಢಿಯದು. 3, 7, 11, … ಈ ಶ್ರೇಢಿಯ ಮೊದಲ 20 ಪದಗಳ ಮೊತ್ತಕ್ಕೆ 860 ಎಂದು ಬರೆದಿದ್ದಳು, ಸರಿ ಉತ್ತರ 820. ‘ಗುಣಿಸುವಾಗ ತಪ್ಪಿತು’ ಎಂದುಕೊಂಡಿದ್ದಳು. ಆದರೆ 7 + 13 + … + 205 ಎಂಬ ಇನ್ನೊಂದು ಲೆಕ್ಕದಲ್ಲೂ 34 ಪದಗಳಿರುವಲ್ಲಿ 33 ಎಂದು ಬರೆದಿದ್ದಳು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಕಂಡದ್ದು ಒಂದೇ ತಪ್ಪು: ಎರಡು ಕಡೆಯೂ n − 1 ಇರಬೇಕಾದಲ್ಲಿ n ಬರೆದಿದ್ದಾಳೆ. ಎರಡು ಸಲ ಒಂದೇ ಬಗೆಯಲ್ಲಿ ಆದ ತಪ್ಪನ್ನು ಕೈತಪ್ಪು ಎನ್ನಲಾಗದು. ಅದು ತಪ್ಪಾಗಿ ಕಲಿತದ್ದು. ಇಡೀ ಪತ್ರಿಕೆಯನ್ನು ಒಟ್ಟಿಗೆ ನೋಡದೆ ಒಂದೊಂದೇ ಪ್ರಶ್ನೆ ನೋಡಿದರೆ ಇದು ಕಾಣುವುದಿಲ್ಲ.

ಎರಡನೇ ದಿನ: ನಷ್ಟದ ಪಟ್ಟಿ

ಮರುದಿನ 33 ಅಂಕಗಳನ್ನೂ ಕಾರಣದ ಪ್ರಕಾರ ಹಂಚಬೇಕು. ಆಕೆಯ ಪಟ್ಟಿ ಹೀಗಾಯಿತು:

- ಅರೆಬರೆ ನೆನಪು: 11 ಅಂಕ. ಸಮಾಂತರ ಶ್ರೇಢಿ 3, ತ್ರಿಕೋನಮಿತಿಯ ನಿತ್ಯಸಮೀಕರಣ 3, ಮಧ್ಯಾಂಕ 2, ಅವನತ ಕೋನದ ಲೆಕ್ಕ 2, ಭಾಗಪ್ರಮಾಣ ಸೂತ್ರ 1.
- ತಿಳಿಯದದ್ದು: 8 ಅಂಕ. ಘನಾಕೃತಿಗಳ ಜೋಡಣೆ 5, ಸಮರೂಪ ತ್ರಿಭುಜಗಳ ಮೇಲಿನ ಲೆಕ್ಕ 3.
- ಕೈತಪ್ಪು: 5 ಅಂಕ. ವರ್ಗ ಸಮೀಕರಣದಲ್ಲಿ ಚಿಹ್ನೆ 2, ಎರಡು ಸಮೀಕರಣ ಕಳೆಯುವಾಗ 1, ಸರಿಯಾಗಿ ಓದದ ಬಹು ಆಯ್ಕೆ ಪ್ರಶ್ನೆಗಳು 2.
- ಸಮಯ: 5 ಅಂಕ. ಬಿಟ್ಟುಹೋದ ಒಂದು 3 ಅಂಕದ, ಒಂದು 2 ಅಂಕದ ಪ್ರಶ್ನೆ. ಎರಡನ್ನೂ ಮನೆಯಲ್ಲಿ ಸಲೀಸಾಗಿ ಬಿಡಿಸಿದಳು.
- ಬರವಣಿಗೆ: 4 ಅಂಕ. ಪ್ರಮೇಯ 2, ಸ್ಪರ್ಶಕದ ಲೆಕ್ಕದಲ್ಲಿ ಕಾರಣ ಬರೆಯದ್ದಕ್ಕೆ 1, ನಕ್ಷೆಯಲ್ಲಿ ಪ್ರಮಾಣ ಬರೆಯದ್ದಕ್ಕೆ 1.

ಯೋಜನೆ ಈ ಪಟ್ಟಿಯೊಳಗೇ ಇದೆ. ತಿಳಿಯದ 8 ಅಂಕಗಳ ಹಿಂದೆ ಬಿದ್ದು ಎರಡು ವಾರ ಕಳೆಯುವವರು ಹಲವರು. ಅದೇ ದೊಡ್ಡದಾಗಿ ಕಾಣುತ್ತದೆ, ಅದೇ ಹೆದರಿಸುತ್ತದೆ. ಉಳಿದ 25 ಅಂಕಗಳು ಆಕೆಗೆ ಅರ್ಧವೋ ಪೂರ್ತಿಯೋ ಗೊತ್ತಿರುವ ವಿಷಯದಲ್ಲೇ ಹೋಗಿವೆ. ಅರೆಬರೆ ನೆನಪಿನ 11 ಅಂಕಕ್ಕೆ ಬೇಕಾಗುವ ಹೊತ್ತು ಕಡಿಮೆ, ಸಿಗುವುದು ಹೆಚ್ಚು. ಅದನ್ನು ಮೊದಲು ಹಿಡಿಯಬೇಕು. ತಿಳಿಯದ ವಿಷಯಕ್ಕೆ ನಡುವೆ ರಾತ್ರಿಗಳ ಬಿಡುವು ಕೊಟ್ಟು ಎರಡು ಮೂರು ಸಲ ಕೂರಬೇಕು. ಆದ್ದರಿಂದ ಅದನ್ನು ಕೊನೆಗೆ ತಳ್ಳದೆ ಮೊದಲ ವಾರದಲ್ಲೇ ಆರಂಭಿಸಬೇಕು. ಕೈತಪ್ಪಿಗೆ ಪ್ರತ್ಯೇಕ ದಿನ ಬೇಡ, ದಿನವೂ ತಾಳೆ ನೋಡುವ ಅಭ್ಯಾಸ ಬೇಕು. ಸಮಯದ ನಷ್ಟಕ್ಕೆ ಗಡಿಯಾರ ಇಟ್ಟುಕೊಂಡು ಬರೆಯುವುದೊಂದೇ ದಾರಿ, ಅದು ಎರಡನೇ ವಾರದ ಕೆಲಸ.

ಈ ಪಟ್ಟಿ ಹಿಡಿದು ಗಣಿತದ ಮೇಷ್ಟ್ರ ಬಳಿ ಹೋಗುವುದೂ ಎರಡನೇ ದಿನವೇ. ‘ಸರ್, ನನಗೆ ಗಣಿತ ಕಷ್ಟ’ ಎಂದರೆ ಅವರು ಏನು ಮಾಡಲಾದೀತು? ‘ಸರ್, ಶಂಕುವಿನ ಕೆಳಗೆ ಅರ್ಧಗೋಳ ಇದ್ದರೆ ಯಾವ ಮೇಲ್ಮೈ ಬಿಡಬೇಕು ಅಂತ ಗೊತ್ತಾಗುತ್ತಿಲ್ಲ’ ಎಂದರೆ ಹತ್ತು ನಿಮಿಷದಲ್ಲಿ ಹೇಳಿಕೊಡುತ್ತಾರೆ. ಅರ್ಧ ಅಂಕ ಎಲ್ಲಿ ಕಡಿತವಾಯಿತು ಎಂದು ತಿಳಿಯದ ಕಡೆ ಅದನ್ನೂ ಕೇಳಬೇಕು.

ಇದರ ಜೊತೆಗೆ ಒಂದು ತಪ್ಪಿನ ಪುಸ್ತಕ. ಒಂದು ತಪ್ಪಿಗೆ ಒಂದು ಪುಟ: ಪ್ರಶ್ನೆ, ತಾನು ಬರೆದ ತಪ್ಪು ಸಾಲು, ಅದು ಯಾಕೆ ತಪ್ಪು ಎಂದು ತನ್ನದೇ ಮಾತಲ್ಲಿ ಒಂದು ವಾಕ್ಯ, ಸರಿ ಸಾಲು, ಮುಂದಿನ ಸಲ ಈ ತಪ್ಪನ್ನು ಹೇಗೆ ಹಿಡಿಯಬಹುದು ಎಂಬ ತಾಳೆ. ಕೊನೆಯದು ಎಲ್ಲಕ್ಕಿಂತ ಮುಖ್ಯ. ಪರೀಕ್ಷೆಯ ಕೊಠಡಿಯಲ್ಲಿ ಸರಿ ಉತ್ತರ ಪಕ್ಕದಲ್ಲಿರುವುದಿಲ್ಲ, ತಾಳೆ ಮಾತ್ರ ಜೊತೆಗಿರುತ್ತದೆ.

ಮೂರು, ನಾಲ್ಕನೇ ದಿನ: ಅರೆಬರೆ ನೆನಪಿಗೆ ಬೇರು

ಉಳಿದ ಐದು ವಿಷಯಗಳೂ ಇರುವುದರಿಂದ ಗಣಿತಕ್ಕೆ ದಿನಕ್ಕೆ ಒಂದೂವರೆ ಗಂಟೆ ಎಂದಿಟ್ಟುಕೊಳ್ಳೋಣ. ಮೂರನೇ ದಿನ ಸಮಾಂತರ ಶ್ರೇಢಿ ಮತ್ತು ಮಧ್ಯಾಂಕ.

a + (n − 1)d ಎಂದು ಹತ್ತು ಸಲ ಬರೆದರೆ n − 1 ನೆನಪಿನಲ್ಲಿ ನಿಲ್ಲುವುದಿಲ್ಲ. ಮೊದಲ ಪದ a, ಎರಡನೆಯದು a + d, ಮೂರನೆಯದು a + 2d ಎಂದು ಸಾಲಾಗಿ ಬರೆದು, ಇಪ್ಪತ್ತನೇ ಪದದಲ್ಲಿ ಎಷ್ಟು d ಇರುತ್ತವೆ ಎಂದು ಕೇಳಿಕೊಳ್ಳಬೇಕು. ಮೊದಲ ಪದಕ್ಕೆ ಬರುವಾಗ d ಕೂಡಿಯೇ ಇಲ್ಲ, ಹಾಗಾಗಿ ಇಪ್ಪತ್ತನೆಯದಕ್ಕೆ 19. ಈಗ ಮೊತ್ತದ ಸೂತ್ರದಲ್ಲಿ 20/2 × [2 × 3 + 19 × 4] = 10 × 82 = 820 ಎಂದು ತಾನಾಗಿ ಬರುತ್ತದೆ. 7, 13, …, 205 ರಲ್ಲಿ 205 − 7 = 198, ಅದನ್ನು 6ರಿಂದ ಭಾಗಿಸಿದರೆ 33. ಇದು ದಾಟುವ ಹೆಜ್ಜೆಗಳ ಸಂಖ್ಯೆ, ಪದಗಳು 34. ಮೊತ್ತ 17 × 212 = 3604. ತಾಳೆ ಸುಲಭ: n = 1 ಹಾಕಿದರೆ ಮೊದಲ ಪದವೇ ಬರಬೇಕು. a + nd ಎಂದು ಬರೆದವರಿಗೆ 3ರ ಬದಲು 7 ಬಂದು ತಪ್ಪು ಅಲ್ಲೇ ಸಿಗುತ್ತದೆ.

ಒಂದೇ ಬಗೆಯ ಲೆಕ್ಕ ಮೂರು ಸರಿ ಬಂದರೆ ಸಾಲದು. ತಿಳಿದಿದೆಯೇ ಎಂದು ನೋಡಲು ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು. 3, 7, 11, … ರಲ್ಲಿ 100 ಒಂದು ಪದವೇ? 97ನ್ನು 4ರಿಂದ ಭಾಗಿಸಿದರೆ ಪೂರ್ಣಸಂಖ್ಯೆ ಬಾರದು, ಆದ್ದರಿಂದ ಅಲ್ಲ. ಇದನ್ನು ಕಾರಣ ಸಹಿತ ಹೇಳಬಲ್ಲವಳಿಗೆ n − 1 ಇನ್ನು ಮರೆಯುವುದು ಕಷ್ಟ.

ಮಧ್ಯಾಂಕದ ತಪ್ಪೂ ಇಂಥದ್ದೇ. ಸೂತ್ರ ಸರಿಯಾಗಿಯೇ ಬರೆದಿದ್ದಾಳೆ: l + [(n/2 − cf)/f] × h. ಆದರೆ cf ಎಂದರೆ ಮಧ್ಯಾಂಕವಿರುವ ವರ್ಗಾಂತರದ ಹಿಂದಿನ ಸಂಚಿತ ಆವೃತ್ತಿ ಎಂಬುದನ್ನು ಮರೆತು ಅದೇ ವರ್ಗಾಂತರದ ಸಂಚಿತ ಆವೃತ್ತಿಯನ್ನು ಹಾಕಿದ್ದಾಳೆ. 0–10, 10–20, 20–30, 30–40, 40–50 ಈ ವರ್ಗಾಂತರಗಳಿಗೆ ಆವೃತ್ತಿ ಕ್ರಮವಾಗಿ 5, 8, 20, 12, 5 ಎಂದುಕೊಳ್ಳಿ. ಒಟ್ಟು 50, ಅರ್ಧ 25. ಸಂಚಿತ ಆವೃತ್ತಿಗಳು 5, 13, 33, 45, 50. 25ನೆಯದು ಬೀಳುವುದು 20–30 ರಲ್ಲಿ, ಆದ್ದರಿಂದ cf = 13. ಮಧ್ಯಾಂಕ 20 + (12/20) × 10 = 26. ಆಕೆಯಂತೆ 33 ಹಾಕಿದರೆ ಬರುವುದು 16. ಮಧ್ಯಾಂಕ 20–30 ರೊಳಗಿದೆ ಎಂದು ತಾನೇ ಬರೆದು ಉತ್ತರ 16 ಎಂದರೆ ಅದು ಸರಿಯಾಗಲು ಸಾಧ್ಯವೇ ಇಲ್ಲ. ಉತ್ತರ ಆ ವರ್ಗಾಂತರದೊಳಗೇ ಬೀಳಬೇಕು ಎಂಬುದೇ ಇಲ್ಲಿನ ತಾಳೆ. ಅದನ್ನು ನೋಡಲು ಐದು ಸೆಕೆಂಡು ಸಾಕು.

ನಾಲ್ಕನೇ ದಿನ ಅವನತ ಕೋನ ಮತ್ತು ನಿತ್ಯಸಮೀಕರಣ. 60 ಮೀಟರ್ ಎತ್ತರದ ದೀಪಸ್ತಂಭದ ತುದಿಯಿಂದ ಹಡಗಿನ ಅವನತ ಕೋನ 30° ಇದ್ದರೆ ಹಡಗು ಬುಡದಿಂದ ಎಷ್ಟು ದೂರ? ಸ್ತಂಭಕ್ಕೂ ದೃಷ್ಟಿರೇಖೆಗೂ ನಡುವಿನ ಕೋನವನ್ನು 30° ಎಂದು ಗುರುತಿಸಿದ್ದರಿಂದ ಆಕೆಗೆ 20√3 ಬಂದಿತ್ತು. ಅವನತ ಕೋನವನ್ನು ಅಳೆಯುವುದು ಕಣ್ಣಿನ ಮಟ್ಟದ ಅಡ್ಡಗೆರೆಯಿಂದ ಕೆಳಕ್ಕೆ. ಚಿತ್ರದಲ್ಲಿ ಆ ಅಡ್ಡಗೆರೆಯನ್ನು ಮೊದಲು ಎಳೆದರೆ, ಪರ್ಯಾಯ ಕೋನವಾಗಿ ಅದೇ 30° ಹಡಗಿನ ಬಳಿಗೆ ಇಳಿಯುತ್ತದೆ, ದೂರ 60√3 ಮೀಟರ್ ಆಗುತ್ತದೆ. ಇಲ್ಲೂ ತಾಳೆಯಿದೆ: ಕೋನ 45°ಗಿಂತ ಕಡಿಮೆಯಿದ್ದರೆ ದೂರವು ಎತ್ತರಕ್ಕಿಂತ ಹೆಚ್ಚಿರಲೇಬೇಕು. 20√3 ಸುಮಾರು 35, ಅದು 60ಕ್ಕಿಂತ ಕಡಿಮೆ. ನಿತ್ಯಸಮೀಕರಣಕ್ಕೆ ಆಕೆಗೆ ಬೇಕಾಗಿದ್ದ ಸುಳಿವು ಒಂದೇ, ಎಲ್ಲವನ್ನೂ sin ಮತ್ತು cosಗೆ ತಂದು ನೋಡುವುದು. ಆ ಹೆಜ್ಜೆಯಿಂದ ಆರಂಭವಾಗುವ ನಾಲ್ಕು ಲೆಕ್ಕಗಳನ್ನು ಮಾಡಿದರೆ ಕೈ ಹಿಡಿಯುತ್ತದೆ.

ನಾಲ್ಕನೇ ದಿನದ ಮೊದಲ ಹತ್ತು ನಿಮಿಷ ಹಿಂದಿನ ದಿನದ್ದಕ್ಕೆ ಮೀಸಲು. ಶ್ರೇಢಿಯ ಒಂದು, ಮಧ್ಯಾಂಕದ ಒಂದು ಲೆಕ್ಕವನ್ನು ಸಂಖ್ಯೆ ಬದಲಿಸಿ, ಪುಸ್ತಕ ಮುಚ್ಚಿ ಮಾಡಬೇಕು. ಇಂದು ಕಲಿತದ್ದು ಇಂದೇ ಬರುವುದು ದೊಡ್ಡದಲ್ಲ, ನಡುವೆ ಒಂದು ರಾತ್ರಿ ಕಳೆದ ಮೇಲೂ ಬರಬೇಕು. ನಿಯಮ ಹೀಗಿರಲಿ: ಮರುದಿನ ಒಮ್ಮೆ, ಮೂರು ನಾಲ್ಕು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ. ಮೂರು ಸಲವೂ ಸರಿ ಬಂದ ತಪ್ಪನ್ನು ಪಟ್ಟಿಯಿಂದ ಹೊಡೆದುಹಾಕಬಹುದು. ಒಂದು ಸಲ ತಪ್ಪಿದರೂ ಎಣಿಕೆ ಮೊದಲಿನಿಂದ.

ಐದರಿಂದ ಏಳು: ತಿಳಿಯದದ್ದು, ಬರೆಯುವ ಕ್ರಮ

ಐದನೇ ದಿನ ಘನಾಕೃತಿಗಳು. ಅರ್ಧಗೋಳದ ಮೇಲೆ ಅಷ್ಟೇ ತ್ರಿಜ್ಯದ ಶಂಕು ಕೂರಿಸಿದೆ. ತ್ರಿಜ್ಯ 7 ಸೆಂ.ಮೀ., ಒಟ್ಟು ಎತ್ತರ 31 ಸೆಂ.ಮೀ. ಪೂರ್ಣ ಮೇಲ್ಮೈ ವಿಸ್ತೀರ್ಣ ಎಷ್ಟು? ಸೂತ್ರಗಳೆಲ್ಲ ಬಾಯಿಗೆ ಬಂದರೂ ಮಕ್ಕಳು ಇಲ್ಲಿ ಎರಡು ಕಡೆ ಬೀಳುತ್ತಾರೆ. ಒಟ್ಟು ಎತ್ತರವನ್ನೇ ಶಂಕುವಿನ ಎತ್ತರ ಎಂದುಕೊಳ್ಳುವುದು ಒಂದು. ಒಳಗೆ ಮುಚ್ಚಿಹೋದ ವೃತ್ತಾಕಾರದ ತಳವನ್ನೂ ಕೂಡಿಸುವುದು ಇನ್ನೊಂದು. ಆದ್ದರಿಂದ ಸೂತ್ರಕ್ಕೆ ಮೊದಲು ಚಿತ್ರ ಬರೆದು, ಈ ವಸ್ತುವಿಗೆ ಬಣ್ಣ ಬಳಿದರೆ ಎಲ್ಲೆಲ್ಲಿ ಬಣ್ಣ ತಗಲುತ್ತದೆ ಎಂದು ಕೇಳಿಕೊಳ್ಳಬೇಕು. ಶಂಕುವಿನ ಪಾರ್ಶ್ವಕ್ಕೆ, ಅರ್ಧಗೋಳದ ಉಬ್ಬಿಗೆ. ಅಷ್ಟೇ. ಅರ್ಧಗೋಳದ ಎತ್ತರ ಅದರ ತ್ರಿಜ್ಯವೇ, ಅಂದರೆ 7. ಹಾಗಾಗಿ ಶಂಕುವಿನ ಎತ್ತರ 24, ಪೈಥಾಗೊರಸ್ ಪ್ರಮೇಯದಿಂದ ಓರೆ ಎತ್ತರ 25. πrl + 2πr² = 22 × (25 + 14) = 858 ಚದರ ಸೆಂ.ಮೀ.

ಮೊದಲ ದಿನ ಇಂಥ ಎರಡು ಲೆಕ್ಕ ಮೇಷ್ಟ್ರ ಅಥವಾ ಪುಸ್ತಕದ ಸಹಾಯದಿಂದ, ಒಂದು ಸ್ವಂತವಾಗಿ. ನಡುವೆ ಒಂದು ದಿನ ಬಿಟ್ಟು ಏಳನೇ ದಿನ ಮತ್ತೆರಡು. ಈ ಸಲ ಸಿಲಿಂಡರಿನ ಎರಡು ತುದಿಗೂ ಅರ್ಧಗೋಳ ಇರುವಂಥದ್ದು. ಅದೂ ಬಂದರೆ ವಿಷಯ ಕೈಗೆ ಸಿಕ್ಕಿತು ಎಂದರ್ಥ. ಸಮರೂಪ ತ್ರಿಭುಜಗಳ ಲೆಕ್ಕಕ್ಕೂ ಏಳನೇ ದಿನ ಮುಕ್ಕಾಲು ಗಂಟೆ ಕೊಡಬೇಕು. ಅಷ್ಟಕ್ಕೂ ಅದು ಒಲಿಯದಿದ್ದರೆ ಅಲ್ಲೇ ಬಿಡುವುದು ಜಾಣತನ. 3 ಅಂಕಕ್ಕಾಗಿ ಮೂರು ದಿನ ಕೊಟ್ಟರೆ ಉಳಿದ 30 ಅಂಕದ ಕೆಲಸ ಕೆಡುತ್ತದೆ.

ನಡುವಿನ ಆರನೇ ದಿನ ಬರವಣಿಗೆಗೆ, ಜೊತೆಗೆ ಹದಿನೈದು ನಿಮಿಷ ಭಾಗಪ್ರಮಾಣ ಸೂತ್ರಕ್ಕೆ. ಆಕೆ ಥೇಲ್ಸ್‌ನ ಪ್ರಮೇಯವನ್ನು ಸಾಧಿಸಿದ್ದಳು, ಆದರೂ 2 ಅಂಕ ಹೋಗಿತ್ತು. ಪ್ರಮೇಯಕ್ಕೆ ಅಂಕ ಬರುವುದು ಹೆಜ್ಜೆಹೆಜ್ಜೆಗೆ. ಚಿತ್ರ, ದತ್ತ, ಸಾಧನೀಯ, ರಚನೆ ಇವಕ್ಕೆ ಸಾಮಾನ್ಯವಾಗಿ ಅರ್ಧರ್ಧ ಅಂಕ, ಉಳಿದದ್ದು ಸಾಧನೆಗೆ. ಆಕೆ ಚಿತ್ರದಲ್ಲಿ ಲಂಬಗಳನ್ನು ಎಳೆದಿದ್ದಳು, ಆದರೆ ‘ರಚನೆ’ ಎಂದು ಬರೆದಿರಲಿಲ್ಲ. ದತ್ತ, ಸಾಧನೀಯ ಎರಡನ್ನೂ ಹಾರಿಸಿ ನೇರ ಸಾಧನೆಗೆ ಹೋಗಿದ್ದಳು. ಎರಡು ತ್ರಿಭುಜಗಳ ವಿಸ್ತೀರ್ಣ ಸಮ ಎಂದು ಬರೆದು, ಅವು ಒಂದೇ ಪಾದದ ಮೇಲೆ, ಒಂದೇ ಜೊತೆ ಸಮಾಂತರ ರೇಖೆಗಳ ನಡುವೆ ಇವೆ ಎಂಬ ಕಾರಣ ಕೊಟ್ಟಿರಲಿಲ್ಲ. ಇಲ್ಲಿ ಹೊಸದಾಗಿ ಕಲಿಯಬೇಕಾದ ಗಣಿತವಿಲ್ಲ. ನಾಲ್ಕು ತಲೆಬರಹಗಳನ್ನು ಮೊದಲು ಬರೆದಿಟ್ಟು ನಡುವೆ ತುಂಬುತ್ತಾ ಹೋಗುವುದನ್ನು ಎರಡು ಸಲ ಅಭ್ಯಾಸ ಮಾಡಿದರೆ ಸಾಕು. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಲ್ಲಿ ಸಿಗುವ ಮಾದರಿ ಉತ್ತರಗಳಲ್ಲಿ ಯಾವ ಹೆಜ್ಜೆಗೆ ಎಷ್ಟು ಅಂಕ ಎಂದು ಕಾಣುತ್ತದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ತನ್ನ ಉತ್ತರಕ್ಕೆ ತಾನೇ ಅಂಕ ಹಾಕಿ ನೋಡುವುದು ಆರನೇ ದಿನದ ಕೊನೆಯ ಕೆಲಸ.

ಎಂಟರಿಂದ ಹತ್ತು: ಕಲಸಿ ಕೊಡುವುದು, ಗಡಿಯಾರ ಇಡುವುದು

ಮೊದಲ ವಾರ ಒಂದೊಂದು ವಿಷಯವನ್ನು ಬೇರೆ ಬೇರೆಯಾಗಿ ಮಾಡಿದ್ದಾಯಿತು. ಪರೀಕ್ಷೆಯಲ್ಲಿ ಪ್ರಶ್ನೆಯ ಮೇಲೆ ಅಧ್ಯಾಯದ ಹೆಸರು ಇರುವುದಿಲ್ಲ. ಯಾವ ಸೂತ್ರ ಬೇಕು ಎಂದು ಆರಿಸುವುದೇ ಅರ್ಧ ಕೆಲಸ, ಒಂದೇ ಅಧ್ಯಾಯದ ಲೆಕ್ಕಗಳನ್ನು ಸಾಲಾಗಿ ಮಾಡುವಾಗ ಆ ಕೆಲಸದ ಅಭ್ಯಾಸವೇ ಆಗುವುದಿಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ಡೌಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ಅಪರೂಪದ ಘನಾಕೃತಿಗಳ ಘನಫಲ ಕಂಡುಹಿಡಿಯಲು ಕಲಿಸಿದರು. ಒಂದು ಗುಂಪು ಒಂದೊಂದು ಬಗೆಯ ಲೆಕ್ಕ ಮುಗಿಸಿ ಮುಂದಕ್ಕೆ ಹೋಯಿತು, ಇನ್ನೊಂದು ನಾಲ್ಕೂ ಬಗೆಯನ್ನು ಕಲಸಿ ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪೇ ಮುಂದಿತ್ತು. ಒಂದು ವಾರದ ನಂತರದ ಪರೀಕ್ಷೆಯಲ್ಲಿ ಕಲಸಿ ಮಾಡಿದವರು ಶೇ. 63ರಷ್ಟು ಸರಿ ಮಾಡಿದರೆ, ಬೇರೆ ಬೇರೆಯಾಗಿ ಮಾಡಿದವರು ಶೇ. 20ರಷ್ಟು ಮಾತ್ರ.

ಹಾಗಾಗಿ ಎಂಟನೇ ದಿನ ಅಣ್ಣನೋ ಅಕ್ಕನೋ ಗೆಳತಿಯೋ ಬೇರೆ ಬೇರೆ ಅಧ್ಯಾಯಗಳಿಂದ ಹನ್ನೆರಡು ಲೆಕ್ಕ ಆರಿಸಿ, ಕಲಸಿ ಕೊಡಲಿ. ಅರ್ಧ ತಪ್ಪಿನ ಪುಸ್ತಕದ ಬಗೆಯವು, ಅರ್ಧ ಬೇರೆಯವು. ಈ ದಿನ ತಪ್ಪು ಹೆಚ್ಚಾಗಬಹುದು. ಕಲಸಿ ಮಾಡುವಾಗ ಹಾಗಾಗುವುದು ಸಹಜ ಎಂದು ಆ ಪ್ರಯೋಗವೇ ಹೇಳುತ್ತದೆ.

ಕೈತಪ್ಪಿನ ಕಡೆ ಕಣ್ಣಿಡಬೇಕಾದ್ದೂ ಇಲ್ಲೇ. 2x² − 5x − 3 = 0 ಎಂಬ ಸಮೀಕರಣದಲ್ಲಿ b² − 4ac ಎಂದರೆ 25 + 24 = 49, ಮೂಲಗಳು 3 ಮತ್ತು −1/2. ಆಕೆ 25 − 24 = 1 ಎಂದು ಬರೆದು 3/2 ಮತ್ತು 1 ಪಡೆದಿದ್ದಳು. ಮೂಲಗಳ ಮೊತ್ತ ನೋಡಿ ತಾಳೆಯಾಯಿತು ಎಂದೂ ಬೀಗಿದ್ದಳು, ಏಕೆಂದರೆ 3/2 + 1 = 5/2, ಅದು −b/aಗೆ ಸರಿಯಾಗಿಯೇ ಹೊಂದುತ್ತದೆ. ಮೂಲಚಿಹ್ನೆಯೊಳಗೆ ಏನೇ ತಪ್ಪಾಗಿದ್ದರೂ ಅದನ್ನು ಒಮ್ಮೆ ಕೂಡಿ ಒಮ್ಮೆ ಕಳೆಯುವುದರಿಂದ ಮೊತ್ತದಲ್ಲಿ ಆ ತಪ್ಪು ವಜಾ ಆಗಿಬಿಡುತ್ತದೆ. ಅದನ್ನು ಹಿಡಿಯುವುದು ಗುಣಲಬ್ಧ: 3/2 × 1 = 3/2, ಬರಬೇಕಾದ್ದು −3/2. ‘ಎಚ್ಚರವಾಗಿ ಮಾಡು’ ಎಂಬ ಬುದ್ಧಿಮಾತು ಈ ತಪ್ಪನ್ನು ತಡೆಯದು, ಗುಣಲಬ್ಧದ ತಾಳೆ ತಡೆಯುತ್ತದೆ.

ಒಂಬತ್ತನೇ ದಿನ ಬಂದ 47 ಅಂಕಗಳ ಕಡೆಗೂ ಒಮ್ಮೆ ನೋಡಬೇಕು. ಒಂದು ಪ್ರಶ್ನೆಪತ್ರಿಕೆ ಇಡೀ ಪಠ್ಯವನ್ನು ಕೇಳಲಾರದು. ಸಂಭವನೀಯತೆಯಲ್ಲಿ ಪೂರ್ಣ ಅಂಕ ಬಂದಿರುವುದು ಅಲ್ಲಿ ಸುಲಭದ ಪ್ರಶ್ನೆ ಬಂದಿದ್ದರಿಂದ ಇರಬಹುದು. ಬಹು ಆಯ್ಕೆಯಲ್ಲಿ ಊಹಿಸಿ ಗೆರೆ ಎಳೆದದ್ದು ಸರಿಯಾಗಿರಬಹುದು. ನಾಲ್ಕು ಆಯ್ಕೆಗಳಿರುವಲ್ಲಿ ಕುರುಡು ಊಹೆಗೂ ನಾಲ್ಕರಲ್ಲಿ ಒಂದು ಅವಕಾಶವಿದೆ. ಊಹಿಸಿ ಗೆದ್ದ ಪ್ರಶ್ನೆಗಳನ್ನು ಪ್ರಾಮಾಣಿಕವಾಗಿ ಗುರುತಿಸಿ ಮತ್ತೆ ಬಿಡಿಸಬೇಕು. ಪತ್ರಿಕೆ ಮುಟ್ಟದ ಭಾಗಗಳಿಂದ, ಉದಾಹರಣೆಗೆ ಬಹುಲಕ ಅಥವಾ ವೃತ್ತಖಂಡದ ವಿಸ್ತೀರ್ಣದಿಂದ, ಒಂದೊಂದು ಲೆಕ್ಕ ಮಾಡಿ ನೋಡಬೇಕು. ಹೊಸ ಕುಳಿ ಕಂಡರೆ ಅದೂ ತಪ್ಪಿನ ಪುಸ್ತಕಕ್ಕೆ ಸೇರಲಿ.

ಹತ್ತನೇ ದಿನ ಗಡಿಯಾರ. 180 ನಿಮಿಷದಲ್ಲಿ 80 ಅಂಕ ಎಂದರೆ ಅಂಕಕ್ಕೆ ಎರಡೂಕಾಲು ನಿಮಿಷ. ಎರಡು ನಿಮಿಷದಂತೆ ಹೋದರೆ 160ಕ್ಕೆ ಮುಗಿದು ತಾಳೆ ನೋಡಲು 20 ನಿಮಿಷ ಉಳಿಯುತ್ತದೆ. ಆಕೆ 3 ಅಂಕದ ನಿತ್ಯಸಮೀಕರಣದ ಮೇಲೆ ಕಾಲು ಗಂಟೆ ಕೂತಿದ್ದಳು, ಅದೇ ಕಾಲು ಗಂಟೆ ಮುಂದೆ ಬರುತ್ತಿದ್ದ ಎರಡು ಪ್ರಶ್ನೆಗಳನ್ನು ನುಂಗಿತು. ನಿಯಮ ಸರಳ: 3 ಅಂಕದ ಪ್ರಶ್ನೆಗೆ 6 ನಿಮಿಷ, ಅದರ ದುಪ್ಪಟ್ಟು ಎಂದೂ ಇಲ್ಲ. ದಾರಿ ಕಾಣದಿದ್ದರೆ ಗೊತ್ತಿರುವ ಸೂತ್ರ, ಚಿತ್ರ ಬರೆದು, ಅರ್ಧ ಪುಟ ಜಾಗ ಬಿಟ್ಟು ಮುಂದೆ ಹೋಗಬೇಕು. ಇದನ್ನು ಕೈಗೆ ರೂಢಿಸಲು ಹತ್ತನೇ ದಿನ 40 ಅಂಕದ ಅರ್ಧ ಪತ್ರಿಕೆಯನ್ನು 80 ನಿಮಿಷದಲ್ಲಿ ಬರೆಯಬೇಕು.

ಹನ್ನೊಂದರಿಂದ ಹದಿನಾಲ್ಕು: ಎರಡನೇ ಪತ್ರಿಕೆಯ ತೀರ್ಪು

ಹನ್ನೊಂದನೇ ದಿನ ಹೊಸದೊಂದು ಪೂರ್ಣ ಪತ್ರಿಕೆ. ಮೊದಲಿನದನ್ನೇ ಮತ್ತೆ ಬರೆದರೆ ಅಳೆಯುವುದು ನೆನಪನ್ನು ಮಾತ್ರ. ಪರೀಕ್ಷೆ ನಡೆಯುವ ಹೊತ್ತಿಗೇ ಕೂತು, 15 ನಿಮಿಷದ ಓದೂ ಸೇರಿಸಿ, ನಡುವೆ ಏಳದೆ ಬರೆಯಬೇಕು. ಓದುವ 15 ನಿಮಿಷದಲ್ಲಿ ‘ಅಲ್ಲ’, ‘ತಪ್ಪಾದ’, ‘ವ್ಯಾಸ’ದಂಥ ಪದಗಳನ್ನು ಕಣ್ಣಲ್ಲೇ ಹಿಡಿದಿಟ್ಟುಕೊಂಡರೆ ಸರಿಯಾಗಿ ಓದದೆ ಹೋಗುವ ಅಂಕ ಉಳಿಯುತ್ತದೆ. ಹನ್ನೆರಡನೇ ದಿನ ಮೊದಲ ದಿನದ ಕೆಲಸವೇ: ಮಾದರಿ ಉತ್ತರದ ಪ್ರಕಾರ ಬೇರೆಯವರು ಅಂಕ ಹಾಕಲಿ, ತಪ್ಪಿದ್ದನ್ನು ಖಾಲಿ ಹಾಳೆಯಲ್ಲಿ ಮತ್ತೆ ಬಿಡಿಸಿ ಕಾರಣವಾರು ಹಂಚಬೇಕು.

ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಡುವಾಗ ಒಟ್ಟು ಅಂಕದಿಂದ ತೀರ್ಮಾನಕ್ಕೆ ಬರಬಾರದು. ಎರಡನೇ ಪತ್ರಿಕೆ ಕಷ್ಟದ್ದಿದ್ದರೆ 47 ಇದ್ದದ್ದು 50 ಆಗಿ ನಿರಾಸೆಯಾಗಬಹುದು, ಸುಲಭದ್ದಿದ್ದರೆ 62 ಬಂದು ಮೋಸ ಮಾಡಬಹುದು. ಕೇಳಬೇಕಾದ ಪ್ರಶ್ನೆ ಒಂದೇ: ಹಳೆಯ ಕಾರಣ ಮತ್ತೆ ಬಂದಿದೆಯೇ? n − 1 ಮತ್ತೆ ತಪ್ಪಿದ್ದರೆ ಮೂರನೇ ದಿನದ ಪಾಠ ಬೇರು ಬಿಟ್ಟಿಲ್ಲ. ಶ್ರೇಢಿಯಲ್ಲಿ ಬೇರೆಯದೇ ಕಾರಣಕ್ಕೆ ಅಂಕ ಹೋಗಿದ್ದರೆ ಹಳೆಯ ಕೆಲಸ ಫಲಿಸಿದೆ, ಇದು ಹೊಸ ಲೆಕ್ಕ. ಸಮಯದ ನಷ್ಟ 5ರಿಂದ 0ಗೆ ಇಳಿದು ಕೈತಪ್ಪು 5ರಿಂದ 9ಕ್ಕೆ ಏರಿದ್ದರೆ ಆಕೆ ಅವಸರ ಮಾಡಿದ್ದಾಳೆ, ಗಡಿಯಾರದ ನಿಯಮವನ್ನು ಕೊಂಚ ಸಡಿಲಿಸಬೇಕು.

ಹದಿಮೂರನೇ ದಿನ ಎರಡೂ ಪಟ್ಟಿಗಳಲ್ಲಿ ಇರುವ ಕಾರಣಗಳಿಗೆ ಮಾತ್ರ. ಸಾಮಾನ್ಯವಾಗಿ ಅವು ಎರಡು ಮೂರಕ್ಕಿಂತ ಹೆಚ್ಚಿರುವುದಿಲ್ಲ. ಹದಿನಾಲ್ಕನೇ ದಿನ ಹೊಸ ಲೆಕ್ಕ ಬೇಡ. ತಪ್ಪಿನ ಪುಸ್ತಕದ ಪ್ರತಿ ಪುಟದಲ್ಲಿ ಪ್ರಶ್ನೆಯನ್ನಷ್ಟೇ ನೋಡಿ, ಉಳಿದದ್ದನ್ನು ಕೈಯಿಂದ ಮುಚ್ಚಿ, ತಪ್ಪೇನು ತಾಳೆಯೇನು ಎಂದು ಬಾಯಲ್ಲಿ ಹೇಳುತ್ತಾ ಹೋದರೆ ಒಂದು ಗಂಟೆಯ ಕೆಲಸ.

ಈ ಯೋಜನೆಗೂ ಮಿತಿಯಿದೆ. ಪತ್ರಿಕೆಯಲ್ಲಿ 80ಕ್ಕೆ 15 ಬಂದ ಮಗುವಿಗೆ ಇದನ್ನು ಹೀಗೇ ಹೇರಬಾರದು. ಅಲ್ಲಿ ‘ತಿಳಿಯದದ್ದು’ ಎಂಬ ಒಂದೇ ಸಾಲು ಉಳಿದೆಲ್ಲವನ್ನೂ ನುಂಗಿರುತ್ತದೆ. ಆ ಮಗುವಿಗೆ ಎರಡು ವಾರದಲ್ಲಿ ಮೇಷ್ಟ್ರ ಜೊತೆ ಕೂತು ನಾಲ್ಕೇ ಅಧ್ಯಾಯಗಳನ್ನು ಗಟ್ಟಿ ಮಾಡಿಕೊಳ್ಳುವುದು ಒಳ್ಳೆಯದು. 75 ಬಂದವರಿಗೆ ಉಳಿದಿರುವುದು ಬಹುಪಾಲು ಕೈತಪ್ಪು ಮತ್ತು ಬರವಣಿಗೆ, ಅವರು ಇನ್ನಷ್ಟು ಲೆಕ್ಕ ಮಾಡುವುದಕ್ಕಿಂತ ಮಾಡಿದ್ದಕ್ಕೆ ತಾಳೆ ನೋಡುವುದನ್ನು ಕಲಿಯಬೇಕು. ಎರಡಕ್ಕೂ ನಡುವಿನ ದೊಡ್ಡ ಗುಂಪಿಗೆ ಈ 14 ದಿನಗಳು ಹೇಳಿ ಮಾಡಿಸಿದಂತಿವೆ. ಮನೆಯವರಿಂದ ಆಗಬೇಕಾದ ಉಪಕಾರವೂ ಒಂದಿದೆ. ಉತ್ತರಪತ್ರಿಕೆ ಬಂದ ಸಂಜೆ ‘ಎಷ್ಟು ಬಂತು?’ ಎಂದು ಕೇಳಿದ ಮೇಲೆ ಅಲ್ಲಿಗೇ ಬಿಡದೆ, ಹೋದ ಅಂಕಗಳಲ್ಲಿ ಎಷ್ಟು ಗೊತ್ತಿದ್ದೂ ಹೋದವು, ಎಷ್ಟು ಗೊತ್ತಿಲ್ಲದೆ ಹೋದವು ಎಂದು ಕೇಳಬೇಕು. ಅದಕ್ಕೆ ಉತ್ತರ ಹುಡುಕಲು ಮಗು ಪತ್ರಿಕೆಯನ್ನು ಮತ್ತೆ ತೆರೆಯಲೇಬೇಕು, ಮೊದಲ ದಿನದ ಕೆಲಸ ಅಲ್ಲಿಂದಲೇ ಶುರುವಾಗುತ್ತದೆ.